ಕಮ್ಮಿ ಸ್ಪೀಡಿಗೆ ಡೆಲ್ಟಾನಾ, ಸ್ಟಾರಾ?

ದಾವಣಗೆರೆಯ ನಮ್ಮ ರಿವೈಂಡಿಂಗ್ ಅಂಗಡಿಗೆ ಅಕ್ಕಿ ಗಿರಣಿಯೊಂದರ ಡ್ರೈಯರ್ ಬ್ಲೋಯರ್ ಮೋಟರ್ ಬಂತು, 10 ಎಚ್‌ಪಿ. ಭತ್ತ ಹಸಿಯಿದ್ದಾಗ 1500 ಸ್ಪೀಡ್, ಒಣಗುತ್ತಾ ಬಂದಮೇಲೆ 750. ಎರಡಕ್ಕೂ ಒಂದೇ ವೈಂಡಿಂಗ್. ಹೆಚ್ಚಿನ ಸ್ಪೀಡಿಗೆ ಡಬಲ್ ಸ್ಟಾರ್ ಎನ್ನುವುದರಲ್ಲಿ ತಕರಾರಿಲ್ಲ. ಕಮ್ಮಿ ಸ್ಪೀಡಿಗೆ ಡೆಲ್ಟಾ ಕಟ್ಟಬೇಕೋ ಸ್ಟಾರ್ ಕಟ್ಟಬೇಕೋ ಎನ್ನುವುದೇ ಪ್ರಶ್ನೆ. ತುದಿಗಳನ್ನೆಲ್ಲ ಹೊರಗೆ ತೆಗೆದು ಎರಡನ್ನೂ ಓಡಿಸಿ ನೋಡಿದೆ.

ಪ್ರತಿ ಫೇಸಿನ ಕಾಯಿಲುಗಳು ಎರಡು ಅರ್ಧಗಳಾಗಿರುತ್ತವೆ, ನಡುವಿನಿಂದ ಒಂದು ತುದಿ ಹೊರಬರುತ್ತದೆ. ನಡುತುದಿಗೆ ಸಪ್ಲೈ ಕೊಟ್ಟರೆ ಕರೆಂಟು ಎರಡೂ ಕಡೆಗೆ ಕವಲೊಡೆದು, ಒಂದರ್ಧದಲ್ಲಿ ಉಲ್ಟಾ ಹರಿಯುತ್ತದೆ. ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು 4 ಪೋಲ್. ಕೊನೆತುದಿಗೆ ಕೊಟ್ಟರೆ ಎರಡೂ ಅರ್ಧ ಸೀರೀಸ್‌ನಲ್ಲಿ ಒಂದೇ ದಿಕ್ಕಿಗೆ ಹರಿದು, ಎಲ್ಲ ಗುಂಪೂ ಉತ್ತರವೇ ಆಗುತ್ತವೆ. ಆಗ ನಡುವಿನ ಕಬ್ಬಿಣದಲ್ಲಿ ದಕ್ಷಿಣ ತಾನಾಗಿ ಮೂಡಿ 8 ಪೋಲ್. 120×50÷4 ಅಂದರೆ 1500, ÷8 ಅಂದರೆ 750. ಪೋಲ್ ಇಮ್ಮಡಿಯಾದಾಗ ಫೇಸಿನ ಸರದಿಯೂ ತಿರುಗುತ್ತದೆ. ಅದಕ್ಕೇ ಒಂದು ಸ್ಪೀಡಿನಲ್ಲಿ ಎರಡು ಲೈನ್ ಅದಲುಬದಲು ಮಾಡಲೇಬೇಕು, ಇಲ್ಲವಾದರೆ ಸ್ಪೀಡ್ ಬದಲಿಸಿದ ಕೂಡಲೇ ಬ್ಲೋಯರ್ ಹಿಂದಕ್ಕೆ ಎಳೆದು ಬೆಲ್ಟ್ ಕಿತ್ತುಬರುತ್ತದೆ.

ಲೈನ್ 415 ವೋಲ್ಟ್. ಡಬಲ್ ಸ್ಟಾರಿನಲ್ಲಿ ಪ್ರತಿ ಅರ್ಧಕ್ಕೆ 240 ಸಿಗುತ್ತದೆ. ಕಮ್ಮಿ ಸ್ಪೀಡಿನ ಡೆಲ್ಟಾದಲ್ಲಿ ಸುಮಾರು 207, ಸ್ಟಾರಿನಲ್ಲಿ ಬರೀ 120. ಟಾರ್ಕು ವೋಲ್ಟಿನ ವರ್ಗದಂತೆ ಇಳಿಯುವುದರಿಂದ ಸ್ಟಾರಿನ ಎಳೆತ ಡೆಲ್ಟಾದ ಮೂರನೇ ಒಂದು ಪಾಲು.

ಡೆಲ್ಟಾದಲ್ಲಿ ಬ್ಲೋಯರ್ ಚೆನ್ನಾಗಿಯೇ ಎದ್ದಿತು. ಆದರೆ ಕ್ಲ್ಯಾಂಪ್ ಮೀಟರ್ ಹಾಕಿದರೆ ಬೆಲ್ಟ್ ಕಳಚಿದ ಮೇಲೂ ಕರೆಂಟು ಹೆಚ್ಚು ಇಳಿಯುತ್ತಿರಲಿಲ್ಲ. ಅಂದರೆ ಅದು ಕೆಲಸಕ್ಕೆ ಹೋಗುವ ಕರೆಂಟಲ್ಲ, ಕಬ್ಬಿಣವನ್ನು ಅಯಸ್ಕಾಂತ ಮಾಡಲು ಹೋಗುವುದು. ಗುಂಯ್ ಸದ್ದು, ಬಾಡಿ ಬಿಸಿ. ಸ್ಟಾರಿನಲ್ಲಿ ನಿಧಾನವಾಗಿ ಎದ್ದಿತು, ಎದ್ದಮೇಲೆ ಸದ್ದಿಲ್ಲ, ಕರೆಂಟೂ ಕಮ್ಮಿ. ಅರ್ಧ ಸ್ಪೀಡಿನಲ್ಲಿ ಬ್ಲೋಯರಿಗೆ ಬೇಕಾದ ಟಾರ್ಕು ಕಾಲುಭಾಗ, ಪವರು ಎಂಟನೇ ಒಂದು, ಅಂದರೆ ಒಂದೂಕಾಲು ಎಚ್‌ಪಿ. ಸ್ಟಾರ್ ಅದಕ್ಕೆ ಧಾರಾಳ. ಬ್ಲೋಯರಿಗೆ ಸ್ಟಾರೇ ಸರಿ.

ಅದೇ ಸ್ಟಾರನ್ನು ಭತ್ತ ತುಂಬಿದ ಎಲಿವೇಟರಿಗೆ ಹಾಕಿದರೆ ಮೋಟರ್ ಗುಂಯ್‌ಗುಟ್ಟುತ್ತಾ ನಿಂತುಬಿಡುತ್ತದೆ. ಯಾವ ಸ್ಪೀಡಿನಲ್ಲೂ ಅದೇ ಭಾರ ಹೊರುವ ಎಲಿವೇಟರ್, ಲೇತ್‌ಗಳಿಗೆ ಡೆಲ್ಟಾನೇ ಬೇಕು.

ಎರಡರಲ್ಲೂ ಹೊರಗೆ ಆರೇ ತುದಿ ಕಾಣುತ್ತವೆ. ನೇಮ್‌ಪ್ಲೇಟ್ ಅಳಿಸಿದ್ದರೆ ಮೀಟರಿನಲ್ಲಿ ಕೊನೆತುದಿಗಳಾದ 1ಯು–1ವಿ, ನಡುತುದಿಗಳಾದ 2ಯು–2ವಿ ನಡುವಿನ ಓಮ್ ಅಳೆಯಿರಿ. ಎರಡೂ ಸಮವಿದ್ದರೆ ಒಳಗೆ ಡೆಲ್ಟಾ, ಮೊದಲನೆಯದು ಎರಡರಷ್ಟಿದ್ದರೆ ಸ್ಟಾರ್.