ಜಿಎಸ್‌ಟಿಆರ್-1 ಹೋದ ಮೇಲೆ ಹಳೆಯ ಬಿಲ್ ತಿದ್ದಬೇಡಿ

ಹಾಸನದ ಒಂದು ಪಿವಿಸಿ ಪೈಪ್ ಸಗಟು ಅಂಗಡಿಯಲ್ಲಿ ನಡೆದದ್ದು. ಮಾರ್ಚ್ 2025ರಲ್ಲಿ ಬೇಲೂರಿನ ಅಂಗಡಿಗೆ 100 ಪೈಪ್ ಹೋಯಿತು. ಒಂದಕ್ಕೆ 400 ರೂಪಾಯಿಯಂತೆ ಮಾಲು 40,000, ಅದರ ಮೇಲೆ ಜಿಎಸ್‌ಟಿ 7,200. ಏಪ್ರಿಲ್ 10ಕ್ಕೆ ಆ ತಿಂಗಳ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1 ಫೈಲ್ ಆಯಿತು. ಅದಾದ ವಾರಕ್ಕೆ 15 ಪೈಪ್ ಸೀಳಿವೆ ಎಂದು ವಾಪಸ್ ಬಂದವು.

ಲೆಕ್ಕ ಬರೆಯುವ ಹುಡುಗ ಟ್ಯಾಲಿಯಲ್ಲಿ ಮಾರ್ಚ್‌ನ ಬಿಲ್ ತೆರೆದು 100ನ್ನು 85 ಮಾಡಿ, ಅದೇ ನಂಬರಿನಲ್ಲಿ ಹೊಸ ಪ್ರಿಂಟ್ ಕಳುಹಿಸಿದ. ಪುಸ್ತಕದಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತು, ಅಪಾಯ ಇರುವುದೇ ಅಲ್ಲಿ. ಪೋರ್ಟಲ್‌ನಲ್ಲಿ ಮಾರಾಟ ಇನ್ನೂ 40,000, ಪುಸ್ತಕದಲ್ಲಿ 34,000. ತೆರಿಗೆ ಮಾತ್ರ ಪೋರ್ಟಲ್ ತೋರಿಸಿದಂತೆ 7,200 ಕಟ್ಟಿಯಾಗಿತ್ತು. ಹೆಚ್ಚು ಕಟ್ಟಿದ 1,080 ರೂಪಾಯಿಯನ್ನು ಇಳಿಸಿಕೊಳ್ಳಲು ಬೇಕಾದ ಕ್ರೆಡಿಟ್ ನೋಟ್ ಇರಲೇ ಇಲ್ಲ.

ಗೊತ್ತಾದದ್ದು ಅಕ್ಟೋಬರಿನ ಆಡಿಟ್‌ನಲ್ಲಿ. ಆಗ ಕ್ರೆಡಿಟ್ ನೋಟ್ ಹಾಕಿದರು, ಆದರೆ ಬೇಲೂರಿನವರ ಅಕೌಂಟೆಂಟ್, ಬಂದ ಬಿಲ್ ಮತ್ತು ನೋಟ್‌ಗಳನ್ನು ಕೊಂಡವರು ಒಪ್ಪುವ ಅಥವಾ ತಳ್ಳುವ ಪೋರ್ಟಲ್‌ನ ಐಎಂಎಸ್‌ನಲ್ಲಿ ಅದನ್ನು ರಿಜೆಕ್ಟ್ ಮಾಡಿದರು. ಅವರದ್ದೂ ತಪ್ಪಲ್ಲ. ಕೈಯಲ್ಲಿದ್ದ ಎರಡನೇ ಪ್ರಿಂಟ್ ನೋಡಿ ಅವರು 6,120 ರೂಪಾಯಿಯ ಐಟಿಸಿ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ಕ್ರೆಡಿಟ್, ಮಾತ್ರ ತೆಗೆದುಕೊಂಡಿದ್ದರು. ಒಪ್ಪಿದರೆ ಅದರಿಂದಲೂ 1,080 ಹೋಗುತ್ತದೆ ಎಂಬ ಭಯ. ಕೊಂಡವರು ರಿಜೆಕ್ಟ್ ಮಾಡಿದರೆ ಆ ತೆರಿಗೆ ಮಾರಿದವರ ಮುಂದಿನ ಜಿಎಸ್‌ಟಿಆರ್-3ಬಿಗೆ ಮತ್ತೆ ಬಂದು ಕೂರುತ್ತದೆ. ತೆಗೆದುಕೊಳ್ಳದ ಐಟಿಸಿಯನ್ನು ವಾಪಸ್ ಕೊಡಬೇಕಿಲ್ಲ ಎಂದು ತೋರಿಸಿ ಒಪ್ಪಲು ಐಎಂಎಸ್‌ನಲ್ಲೇ ಅವಕಾಶವಿದೆ. ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಮಾಡಬೇಕಾದದ್ದು ಇಷ್ಟು. ಮಾರ್ಚ್‌ನ ಬಿಲ್ 100 ಪೈಪ್‌ಗೇ ಇರಲಿ, ಅವತ್ತು ಹೋದದ್ದು ಅಷ್ಟೇ ತಾನೆ. ಮಾಲು ವಾಪಸ್ ಬಂದಾಗ ಟ್ಯಾಲಿಪ್ರೈಮ್‌ನಲ್ಲಿ `Alt+F6` ಒತ್ತಿ ಕ್ರೆಡಿಟ್ ನೋಟ್ ತೆರೆಯಿರಿ. ದಿನಾಂಕ ನೋಟ್ ಕೊಡುವ ದಿನದ್ದು, ನಂಬರ್ ಕ್ರೆಡಿಟ್ ನೋಟ್‌ನದೇ ಬೇರೆ ಸರಣಿಯದ್ದು. ಮೂಲ ಬಿಲ್‌ನ ನಂಬರ್ ಮತ್ತು ದಿನಾಂಕ ಹಾಕಿ, ಕಾರಣಕ್ಕೆ `01-Sales Return` ಆರಿಸಿ. ಸೇಲ್ಸ್ ರಿಟರ್ನ್ 6,000, ಸಿಜಿಎಸ್‌ಟಿ 540, ಎಸ್‌ಜಿಎಸ್‌ಟಿ 540 ಡೆಬಿಟ್. ಗಿರಾಕಿಯ ಖಾತೆಗೆ 7,080 ಕ್ರೆಡಿಟ್.

ಗಿರಾಕಿಯ ಸಾಲಿನಲ್ಲಿ `Agst Ref` ಕೊಟ್ಟು ಆ ಬಿಲ್ಲನ್ನೇ ಆರಿಸಿ. `On Account` ಎಂದು ಬಿಟ್ಟರೆ ಬಾಕಿ ಪಟ್ಟಿಯಲ್ಲಿ ಬಿಲ್ 47,200 ಆಗಿಯೇ ನಿಲ್ಲುತ್ತದೆ, ವಸೂಲಿಗೆ ಹೋದವರು ಪೂರ್ತಿ ಹಣ ಕೇಳಿ ಜಗಳ ತರುತ್ತಾರೆ. ಸೀಳಿದ 15 ಪೈಪ್‌ಗಳನ್ನು ಬೇರೆ ಗೋಡೌನ್ ಹೆಸರಿಗೆ ಒಳಗೆ ತನ್ನಿ, ಇಲ್ಲವಾದರೆ ಅವು ಒಳ್ಳೆಯ ಮಾಲಿನ ಲೆಕ್ಕಕ್ಕೆ ಸೇರಿ ಇನ್ನೊಬ್ಬರಿಗೆ ಬಿಲ್ ಆಗುತ್ತವೆ.

ನೋಂದಾಯಿತ ಗಿರಾಕಿಯಾದರೆ ಈ ನೋಟ್ ಅದನ್ನು ಕೊಟ್ಟ ತಿಂಗಳ ಜಿಎಸ್‌ಟಿಆರ್-1ರ 9ಬಿ ಕೋಷ್ಟಕಕ್ಕೆ ಹೋಗಬೇಕು. 2024-25ರ ಬಿಲ್‌ಗೆ ತೆರಿಗೆ ಇಳಿಸಿಕೊಳ್ಳಲು ಕೊನೆಯ ದಿನ 30 ನವೆಂಬರ್ 2025. ವಾರ್ಷಿಕ ರಿಟರ್ನ್ ಅದಕ್ಕೂ ಮುಂಚೆ ಸಲ್ಲಿಸಿದ್ದರೆ ಬಾಗಿಲು ಅಂದೇ ಮುಚ್ಚಿತು. ಆಮೇಲೆ ತೆರಿಗೆಯಿಲ್ಲದ ಕ್ರೆಡಿಟ್ ನೋಟ್ ಕೊಡಬಹುದು, ಕಟ್ಟಿದ ಜಿಎಸ್‌ಟಿ ಮಾತ್ರ ಬರುವುದಿಲ್ಲ.

ನಿಮ್ಮಲ್ಲೂ ಹೀಗಾಗಿದೆಯೇ ಎಂದು ನೋಡಲು, ಫೈಲ್ ಆದ ಪ್ರತಿ ತಿಂಗಳ ಜಿಎಸ್‌ಟಿಆರ್-1ರ ಒಟ್ಟು ಮೊತ್ತವನ್ನು ಇವತ್ತಿನ ಟ್ಯಾಲಿಯ ಅದೇ ತಿಂಗಳ ಮೊತ್ತದ ಪಕ್ಕ ಇಡಿ. ವ್ಯತ್ಯಾಸ ಕಂಡ ತಿಂಗಳಲ್ಲಿ ಯಾರೋ ಹಳೆಯ ಬಿಲ್ ಮುಟ್ಟಿದ್ದಾರೆಯೇ ಎಂದು ಮೊದಲು ಹುಡುಕಿ.