ಎಂಗಲ್ಫಿಂಗ್ ಕ್ಯಾಂಡಲ್ ಎದುರು ಚೀಟಿ ಎತ್ತಿದ ಎಂಟ್ರಿ

ಮಂಡ್ಯದ ನನ್ನ ಗೆಳೆಯನಿಗೆ ಶೇರು ಚಾರ್ಟ್‌ನ ಬುಲ್ಲಿಶ್ ಎಂಗಲ್ಫಿಂಗ್ ಅಂದ್ರೆ ಪ್ರಾಣ, ಅದು ಬಂದರೆ ಬೆಲೆ ಏರುತ್ತದೆ ಅಂತ ನಂಬಿಕೆ. ನಿನ್ನೆಯ ಕೆಂಪು ಕ್ಯಾಂಡಲ್‌ನ ಮೈಯನ್ನು ಇವತ್ತಿನ ಹಸಿರು ಕ್ಯಾಂಡಲ್ ಪೂರ್ತಿ ಮುಚ್ಚಿದರೆ ಸಾಕು, ಫೋನ್ ಬರುತ್ತದೆ: "ಗುರು, ನುಂಗ್ತು ನೋಡು!" ಕಳೆದ ತಿಂಗಳು ಮೈಸೂರಿಗೆ ಬಂದಿದ್ದಾಗ ನಾನೇ ಕೆಣಕಿದೆ. "ಚೀಟಿ ಎತ್ತಿ ದಿನ ಆರಿಸಿ ಕೊಂಡರೂ ಇಷ್ಟೇ ಸಿಗಬಹುದು ಕಣೋ." ಅವನಿಗೆ ಸಿಟ್ಟು ಬಂತು. ಸರಿ, ಎಣಿಸಿಯೇ ನೋಡೋಣ ಅಂತ ಕೂತೆವು.

2010ರಿಂದ 2024ರವರೆಗಿನ ನಿಫ್ಟಿಯ ದಿನದ ಬೆಲೆಗಳನ್ನು ಎಕ್ಸೆಲ್‌ಗೆ ಹಾಕಿದೆ. B ಕಾಲಂ ಓಪನ್, E ಕಾಲಂ ಕ್ಲೋಸ್. ಎಂಗಲ್ಫಿಂಗ್ ಹುಡುಕೋ ಸೂತ್ರ ಇಷ್ಟೇ:

```
=AND(E2<B2, B3<=E2, E3>=B2)
```

ಮೊದಲ ಜಗಳ ಸ್ಟಾಪ್ ಬಗ್ಗೆ, ಅಂದ್ರೆ ಬೆಲೆ ಎಲ್ಲಿಗೆ ಬಿದ್ದರೆ ನಷ್ಟಕ್ಕೆ ಮಾರಿ ಹೊರಬರೋದು ಅನ್ನೋದು. ಅವನು ಎಂಗಲ್ಫಿಂಗ್ ಕ್ಯಾಂಡಲ್‌ನ ಲೋ ಕೆಳಗೆ ಸ್ಟಾಪ್ ಇಡುತ್ತಾನೆ. ಚೀಟಿಯಲ್ಲಿ ಬಂದ ದಿನಕ್ಕೆ ಅಂಥ ಲೋ ಎಲ್ಲಿಂದ ತರೋದು? ಸ್ಟಾಪ್ ಬೇರೆ ಬೇರೆ ಇಟ್ಟರೆ ನಾವು ಅಳೆಯೋದು ಸ್ಟಾಪನ್ನು, ಕ್ಯಾಂಡಲನ್ನಲ್ಲ. ಹಾಗಾಗಿ ಇಬ್ಬರಿಗೂ ಒಂದೇ ಅಳತೆ: 14 ದಿನದ ಎಟಿಆರ್, ಅಂದ್ರೆ ನಿಫ್ಟಿ ದಿನಕ್ಕೆ ಸರಾಸರಿ ಎಷ್ಟು ಅಲ್ಲಾಡುತ್ತದೆ ಅನ್ನೋದು. ಸ್ಟಾಪ್ ಒಂದು ಎಟಿಆರ್ ಕೆಳಗೆ, ಟಾರ್ಗೆಟ್ ಎರಡು ಎಟಿಆರ್ ಮೇಲೆ. ಮರುದಿನದ ಓಪನ್‌ನಲ್ಲಿ 22,000ಕ್ಕೆ ಕೊಂಡು, ಎಟಿಆರ್ 200 ಇದ್ದರೆ, ಸ್ಟಾಪ್ 21,800, ಟಾರ್ಗೆಟ್ 22,400. ಒಂದೇ ದಿನ ಎರಡೂ ಮುಟ್ಟಿದರೆ ಸೋಲು ಅಂತಲೇ ಬರೆದೆ, ಯಾವುದು ಮೊದಲು ಮುಟ್ಟಿತು ಅಂತ ದಿನದ ಕ್ಯಾಂಡಲ್ ಹೇಳೋದಿಲ್ಲ. ಒಂದು ಟ್ರೇಡ್ ಮುಗಿಯದೆ ಇನ್ನೊಂದು ಇಲ್ಲ. ಬ್ರೋಕರೇಜ್, ತೆರಿಗೆ ಎರಡು ಕಡೆಗೂ ಒಂದೇ ಆದ್ದರಿಂದ ಬಿಟ್ಟೆ.

ಎಂಗಲ್ಫಿಂಗ್ 180 ಟ್ರೇಡ್ ಕೊಟ್ಟಿತು. ಗೆದ್ದಿದ್ದು 69, ಸೋತಿದ್ದು 111. ಒಂದು ಎಟಿಆರ್ ಅಂದ್ರೆ ಒಂದು ಪಾಲು: ಗೆದ್ದರೆ ಎರಡು ಪಾಲು ಬರುತ್ತದೆ, ಸೋತರೆ ಒಂದು ಪಾಲು ಹೋಗುತ್ತದೆ. ಲೆಕ್ಕ ಹಾಕಿದರೆ 27 ಪಾಲು ಲಾಭ. ಗೆಳೆಯ ಮೀಸೆ ತಿರುವಿದ. ಮೂರರಲ್ಲಿ ಒಂದು ಗೆದ್ದರೆ ಅಸಲಿಗೆ ಅಸಲು, ಇಲ್ಲಿ ನೂರಕ್ಕೆ 38 ಗೆದ್ದಿದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ ಕೋರ್ಸ್ ಶುರು ಮಾಡ್ತಾರೆ ಅನ್ಸುತ್ತೆ.

ಈಗ ಚೀಟಿ. ಅದೇ 15 ವರ್ಷದಿಂದ ಸುಮ್ನೆ 180 ಎಂಟ್ರಿ ಆರಿಸಿದೆ, ಅದೇ ಸ್ಟಾಪ್, ಅದೇ ಟಾರ್ಗೆಟ್. ಒಂದು ಸಲ ಸಾಲದು, ಅದೃಷ್ಟ ಚೆನ್ನಾಗಿದ್ದರೂ ಇರಬಹುದು. 1000 ಸಲ ಮಾಡಿಸಿದೆ. ಸರಾಸರಿ ಗೆಲುವು 65. ಅಂದ್ರೆ ಕಣ್ಣು ಮುಚ್ಚಿ ಕೊಂಡವನಿಗೂ 15 ಪಾಲು ಲಾಭ! ಮಂತ್ರವೇನೂ ಇಲ್ಲ, ಆ ವರ್ಷಗಳಲ್ಲಿ ನಿಫ್ಟಿಯೇ ಮೇಲೆ ಹೋಗಿದೆ. ಗೆಳೆಯನ 27ರಲ್ಲಿ ಅರ್ಧಕ್ಕಿಂತ ಜಾಸ್ತಿ ಮಾರುಕಟ್ಟೆಯ ದಾನ. ಉಳಿದ ನಾಲ್ಕು ಗೆಲುವು? 1000 ಸಲದಲ್ಲಿ ಸುಮಾರು 290 ಸಲ ಚೀಟಿಯೂ 69 ಅಥವಾ ಅದಕ್ಕಿಂತ ಹೆಚ್ಚು ಗೆದ್ದಿತ್ತು. 180 ಟ್ರೇಡ್‌ನಲ್ಲಿ ಗೆಲುವು 53ರಿಂದ 77ರವರೆಗೆ ಓಲಾಡೋದು ಸಹಜ. ಆ ಓಲಾಟದೊಳಗೇ ಎಂಗಲ್ಫಿಂಗ್ ಕೂತಿತ್ತು.

"ಹಂಗಲ್ಲ ಗುರು, ಬೆಲೆ ಬಿದ್ದ ಮೇಲೆ ಬಂದ್ರೆ ಮಾತ್ರ ಲೆಕ್ಕ" ಅಂದ. ಅದು ನ್ಯಾಯವೇ. ಐದು ದಿನದ ಹಿಂದಿನ ಕ್ಲೋಸ್‌ಗಿಂತ ನಿನ್ನೆಯ ಕ್ಲೋಸ್ ಕೆಳಗಿರಬೇಕು ಅಂತ ಷರತ್ತು ಹಾಕಿದೆ. 100 ಟ್ರೇಡ್ ಉಳಿಯಿತು, 41 ಗೆಲುವು. "ನೋಡಿದ್ಯಾ!" ಅಂದ. ಆದರೆ ಚೀಟಿಗೂ ಅದೇ ಷರತ್ತು ಕೊಡಬೇಕು ಅಲ್ವಾ? ಹಾಗೆ ಬಿದ್ದ ದಿನಗಳಿಂದಷ್ಟೇ ನೂರು ನೂರರಂತೆ ಎತ್ತಿದಾಗ ಸರಾಸರಿ 40 ಬಂತು. ಗೆಲುವು ಜಾಸ್ತಿ ಆಗಿದ್ದು ಇಳಿತದಿಂದ, ನುಂಗಿದ್ದರಿಂದ ಅಲ್ಲ. ಈ ಮೂರನೇ ಹೋಲಿಕೆ ಮಾಡದಿದ್ದರೆ ನಾನೂ ಅವನ ಮಾತು ನಂಬಿಬಿಡುತ್ತಿದ್ದೆ.

ಇದು ಒಂದು ಇಂಡೆಕ್ಸ್, ಕೊಳ್ಳುವ ಕಡೆ ಮಾತ್ರ, ಒಂದೇ ಸ್ಟಾಪ್ ಅಳತೆ. ಸಣ್ಣ ಲಾಭ ಇದ್ದರೆ ಹಿಡಿಯಲು 180 ಟ್ರೇಡ್ ಸಾಲೋದಿಲ್ಲ ಅನ್ನೋದೂ ನಿಜ.

ಅದಕ್ಕೇ ಅವನು 15 ನಿಮಿಷದ ಚಾರ್ಟ್‌ಗೆ ಹಾರಿದ, ಅಲ್ಲಿ ಸಾವಿರಾರು ಸಿಗುತ್ತವೆ ಅಂತ. ಅಲ್ಲಿ ಇನ್ನೊಂದು ತಮಾಷೆ. ದಿನದ ಮಧ್ಯೆ ಒಂದು ಕ್ಯಾಂಡಲ್ ಮುಗಿದಲ್ಲೇ ಮುಂದಿನದು ಹುಟ್ಟುತ್ತದೆ, ಓಪನ್‌ಗೂ ಹಿಂದಿನ ಕ್ಲೋಸ್‌ಗೂ ಪೈಸೆಗಳ ವ್ಯತ್ಯಾಸ. ಸೂತ್ರದ `B3<=E2` ಅನ್ನೋ ಭಾಗ ಐದು ಪೈಸೆ ಆಚೀಚೆ ಆಗಿದ್ದಕ್ಕೆ ಹೌದು ಅಥವಾ ಇಲ್ಲ ಅನ್ನುತ್ತಿತ್ತು. ಎರಡು ಕಡೆಯಿಂದ ಡೇಟಾ ಇಳಿಸಿದೆವು. ಒಂದರಲ್ಲಿ ಎಂಗಲ್ಫಿಂಗ್ ಆಗಿದ್ದ ಎಷ್ಟೋ ಕ್ಯಾಂಡಲ್‌ಗಳು ಇನ್ನೊಂದರಲ್ಲಿ ಇರಲೇ ಇಲ್ಲ. ಎರಡೂ ಸ್ಕ್ರೀನ್ ಪಕ್ಕಪಕ್ಕ ಇಟ್ಟುಕೊಂಡು ಅವನು ತುಂಬ ಹೊತ್ತು ನೋಡುತ್ತಾ ಕೂತ. ಆಮೇಲೆ ಕಾಫಿ ಕೇಳಿದ.