ನಾಲ್ಕು ಮೈಕು, ಒಂದು ಮೇಜು: ಸಂವಾದದ ರೆಕಾರ್ಡಿಂಗಿಗೆ ರೀಪರ್, ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ ಓದುಗರ ಬಳಗ ತಿಂಗಳಿಗೊಂದು ಸಂವಾದ ನಡೆಸುತ್ತದೆ. ಮೂವರು ಮಾತುಗಾರರು, ಒಬ್ಬರು ನಡೆಸಿಕೊಡುವವರು, ಉದ್ದನೆಯ ಒಂದು ಮೇಜು, ತಲೆಯ ಮೇಲೆ ತಿರುಗುವ ಮೂರು ಫ್ಯಾನು. ರೆಕಾರ್ಡ್ ಮಾಡುವ ಕೆಲಸ ನನ್ನದು. ನಾಲ್ಕು ಡೈನಮಿಕ್ ಮೈಕುಗಳನ್ನು ನಾಲ್ಕು ಎಕ್ಸ್‌ಎಲ್‌ಆರ್ ಇನ್‌ಪುಟ್ ಇರುವ ಪುಟ್ಟ ರೆಕಾರ್ಡರಿಗೆ ಸಿಕ್ಕಿಸಿ, ಒಂದೊಂದನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದು, ಮನೆಗೆ ಬಂದು ರೀಪರ್ ಎಂಬ ಆಡಿಯೊ ತಂತ್ರಾಂಶದಲ್ಲಿ ಮಿಕ್ಸ್ ಮಾಡುತ್ತೇನೆ. ರೀಪರ್ ಬಗ್ಗೆ ಬರುವ ವಿಮರ್ಶೆಗಳು ಬಹುತೇಕ ಸಂಗೀತದವರದು. ಮಾತಿಗೆ, ಅದರಲ್ಲೂ ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಸೋರುವ ಈ ತಾಪತ್ರಯಕ್ಕೆ, ಅದು ಎಷ್ಟು ಒದಗುತ್ತದೆ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ದುಡ್ಡಿನ ಮಾತು ಮೊದಲೇ ಮುಗಿಸಿಬಿಡೋಣ. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಯಾವ ಸೌಲಭ್ಯಕ್ಕೂ ಬೀಗ ಹಾಕಿರುವುದಿಲ್ಲ. ನಮ್ಮಂಥವರಿಗೆ ಲೈಸೆನ್ಸು 60 ಡಾಲರ್. ನಾನು ಕೊಂಡಾಗ ಆರನೇ ಆವೃತ್ತಿ ಇತ್ತು. 2023ರಲ್ಲಿ ಏಳನೆಯದು ಬಂದಾಗ ಮತ್ತೆ ಕೊಡಬೇಕಾಗಲಿಲ್ಲ.

ಮೊದಲ ಸಂವಾದದ ಆಡಿಯೊ ಕಳಿಸಿದ ದಿನವೇ ನಮ್ಮ ಮೇಷ್ಟ್ರು ಫೋನ್ ಮಾಡಿದ್ದರು. "ಏನಪ್ಪಾ, ನನ್ನ ದನಿ ಹಂಡೆಯೊಳಗಿಂದ ಬಂದಂಗೆ ಕೇಳ್ತದಲ್ಲ?" ಅವರ ಟ್ರ್ಯಾಕೊಂದನ್ನೇ ಸೋಲೊ ಮಾಡಿ ಕೇಳಿದರೆ ದನಿ ಚೊಕ್ಕವಾಗಿತ್ತು. ಉಳಿದ ಮೂರು ಟ್ರ್ಯಾಕ್ ಸೇರಿಸಿದ ಕೂಡಲೇ ಹಂಡೆ. ಸೋರಿಕೆ ಕೆಡಿಸುತ್ತಿದೆಯೇ ಎಂದು ತಿಳಿಯಲು ಇಷ್ಟೇ ಸಾಕು: ಒಂದು ಟ್ರ್ಯಾಕ್ ಕೇಳಿ, ಆಮೇಲೆ ಎಲ್ಲವನ್ನೂ ಕೇಳಿ. ಸೇರಿಸಿದಾಗ ದನಿ ದಪ್ಪವಾಗುವ ಬದಲು ಟೊಳ್ಳಾದರೆ ಅಲೆಗಳು ಒಂದನ್ನೊಂದು ಅಳಿಸಿಹಾಕುವ ಫೇಸ್ ತೊಂದರೆ ಇದೆ ಎಂದೇ ಅರ್ಥ.

ಅಳತೆ ಹಿಡಿದು ನೋಡಿದೆ. ಮೇಷ್ಟ್ರ ಬಾಯಿಂದ ಅವರ ಮೈಕಿಗೆ 25 ಸೆಂ.ಮೀ., ಪಕ್ಕದವರ ಮೈಕಿಗೆ 95 ಸೆಂ.ಮೀ. ವ್ಯತ್ಯಾಸ 70 ಸೆಂ.ಮೀ. ನಮ್ಮ ಹಾಲಿನ ಸೆಕೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ, ಅಂದರೆ ಅದೇ ಮಾತು ಪಕ್ಕದ ಮೈಕಿಗೆ 2 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡನ್ನೂ ಕೂಡಿಸಿದರೆ 250 ಹರ್ಟ್ಸ್‌ನಲ್ಲಿ ಅಲೆಯ ಏರಿಗೆ ಇಳಿವು ಎದುರಾಗಿ ಒಂದು ಗುಂಡಿ ಬೀಳುತ್ತದೆ. ಆಮೇಲೆ 750ರಲ್ಲಿ, 1250ರಲ್ಲಿ, ಹೀಗೆ 500ಕ್ಕೊಂದರಂತೆ. ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಬೀಳುವ ಈ ಗುಂಡಿಗಳೇ ಮೇಷ್ಟ್ರು ಕೇಳಿದ ಹಂಡೆ.

ತಡವಾಗಿದ್ದರೆ ಹಿಂದಕ್ಕೆ ಎಳೆದರಾಯಿತಲ್ಲ ಎಂದು ಯಾರಿಗೂ ಹೊಳೆಯುತ್ತದೆ. ನನಗೂ ಹೊಳೆದಿತ್ತು. ರೀಪರ್‌ನಲ್ಲಿ ಪ್ರತಿ ಟ್ರ್ಯಾಕಿನ ರೂಟಿಂಗ್ ಕಿಟಕಿಯಲ್ಲಿ `Media playback offset` ಎಂಬುದಿದೆ. ಮಿಲಿಸೆಕೆಂಡ್ ಅಥವಾ ಸ್ಯಾಂಪಲ್ ಲೆಕ್ಕದಲ್ಲಿ ಟ್ರ್ಯಾಕನ್ನು ಹಿಂದೆ ಮುಂದೆ ಸರಿಸಬಹುದು. ಪಕ್ಕದವರ ಟ್ರ್ಯಾಕನ್ನು 2 ಮಿಲಿಸೆಕೆಂಡ್, ಅಂದರೆ 48 ಕಿಲೊಹರ್ಟ್ಸ್ ರೆಕಾರ್ಡಿಂಗಿನಲ್ಲಿ 96 ಸ್ಯಾಂಪಲ್, ಮೊದಲೇ ಶುರುವಾಗುವಂತೆ ಮಾಡಿದೆ. ಮೇಷ್ಟ್ರ ದನಿ ತಕ್ಷಣ ತಿಳಿಯಾಯಿತು. ಗೆದ್ದೆ ಅಂದುಕೊಂಡೆ.

ಎರಡು ನಿಮಿಷ ಕಳೆದು ಪಕ್ಕದ ಮೇಡಂ ಮಾತು ಶುರು ಮಾಡಿದರು. ಅವರ ದನಿ ಮೊದಲಿಗಿಂತ ಕೆಟ್ಟಿತ್ತು. ಕಾರಣ ಸರಳ: ಅವರ ಮಾತು ಮೇಷ್ಟ್ರ ಮೈಕಿಗೆ ಮೊದಲೇ 2 ಮಿಲಿಸೆಕೆಂಡ್ ತಡವಾಗಿ ಬರುತ್ತಿತ್ತು, ನಾನು ಅವರ ಟ್ರ್ಯಾಕನ್ನು ಇನ್ನೂ 2 ಮುಂಚೆ ತಂದು ಆ ಅಂತರವನ್ನು 4 ಮಾಡಿದ್ದೆ. ಮೊದಲ ಗುಂಡಿ 125 ಹರ್ಟ್ಸ್‌ಗೆ ಇಳಿದಿತ್ತು. ಒಬ್ಬರಿಗೆ ಹೊಂದಿಸಿದರೆ ಇನ್ನೊಬ್ಬರಿಗೆ ಕೆಡುತ್ತದೆ, ನಾಲ್ವರಿಗೆ ಒಟ್ಟಿಗೆ ಹೊಂದುವ ಒಂದು ಸಂಖ್ಯೆ ಇಲ್ಲವೇ ಇಲ್ಲ. ಒಂದೇ ಡ್ರಮ್ಮಿಗೆ ಎರಡು ಮೈಕಿಟ್ಟವರಿಗೆ ಸರಿಸುವ ಉಪಾಯ ಫಲಿಸುತ್ತದೆ, ಏಕೆಂದರೆ ಅಲ್ಲಿ ಶಬ್ದ ಹುಟ್ಟುವ ಜಾಗ ಒಂದೇ. ಸಂವಾದದಲ್ಲಿ ಅದು ಬಾಯಿಂದ ಬಾಯಿಗೆ ಹಾರುತ್ತಿರುತ್ತದೆ. ಇಷ್ಟು ತಿಳಿಯಲು ನನಗೆ ಮೂರು ಸಂವಾದ ಹಿಡಿಯಿತು.

ಆದ್ದರಿಂದ ಹೊತ್ತನ್ನು ಬಿಟ್ಟು ಮಟ್ಟಕ್ಕೆ ಕೈ ಹಾಕಬೇಕು. ನಮ್ಮ ಮೇಜಿನಲ್ಲಿ ಸೋರಿ ಬಂದ ದನಿ ಮೂಲಕ್ಕಿಂತ ಸುಮಾರು 10 ಡಿಬಿ ಕೆಳಗಿರುತ್ತದೆ. ಆ ಮಟ್ಟದಲ್ಲಿ ಕೂಡಿದಾಗ ಉಬ್ಬು ತಗ್ಗುಗಳ ನಡುವೆ ಸುಮಾರು 6 ಡಿಬಿ ವ್ಯತ್ಯಾಸವಾಗುತ್ತದೆ, ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಮಾತಾಡದವರ ಮೈಕನ್ನು ಇನ್ನೊಂದು 12 ಡಿಬಿ ತಗ್ಗಿಸಿದರೆ ಸೋರಿಕೆ 22 ಡಿಬಿ ಕೆಳಕ್ಕೆ ಹೋಗುತ್ತದೆ, ಉಬ್ಬು ತಗ್ಗು ಎರಡೂ ಕಡೆ ಒಂದು ಡಿಬಿಯೊಳಗೆ ಬರುತ್ತದೆ. ಮೈಕನ್ನು ಪೂರ್ತಿ ಮುಚ್ಚಬೇಕಿಲ್ಲ. ಮೊದಲು ನಾನು ಗೇಟ್ ಹಾಕಿ ಪೂರ್ತಿ ಮುಚ್ಚುತ್ತಿದ್ದೆ. ಆಗ ಫ್ಯಾನಿನ ಸದ್ದು ಮಾತಿನ ಜೊತೆ ಬಂದು ಮಾತಿನ ಜೊತೆ ಹೋಗುತ್ತಿತ್ತು, ಯಾರೋ ಬಾಗಿಲು ತೆಗೆದು ಹಾಕುತ್ತಿರುವ ಹಾಗೆ. ನಡುವೆ ಬರುವ "ಹ್ಞೂಂ", "ಹೌದ್ ಹೌದು"ಗಳ ತಲೆಯೂ ಕತ್ತರಿಸಿ ಹೋಗುತ್ತಿತ್ತು.

ಒಂದು ವರ್ಷ ಕೈಯಲ್ಲೇ ಮಾಡಿದೆ: `S` ಒತ್ತಿ ತುಂಡರಿಸು, ಮಾತಾಡದ ತುಂಡನ್ನು 12 ಡಿಬಿ ಇಳಿಸು, ಮುಂದಕ್ಕೆ ಹೋಗು. ಒಂದೂವರೆ ಗಂಟೆಯ ಸಂವಾದಕ್ಕೆ ಎರಡು ಸಂಜೆ ಬೇಕಿತ್ತು. ಫಲಿತಾಂಶ ಚೆನ್ನಾಗಿರುತ್ತಿತ್ತು, ಆದರೆ ಬೆನ್ನು ಹೇಳಿದ ಮಾತು ಕೇಳುತ್ತಿರಲಿಲ್ಲ.

ರೀಪರ್ ನನಗೆ ಬಿಡಲಾರದ ಗೆಳೆಯನಾಗಿದ್ದು ಇದರ ನಂತರ. ಸಭೆಗಳಲ್ಲಿ ಬಳಸುವ ಆಟೊಮಿಕ್ಸರಿನ ಒಂದು ಹಳೆಯ ತತ್ತ್ವವಿದೆ. ಅಮೆರಿಕದ ಡ್ಯಾನ್ ಡುಗನ್ 1970ರ ದಶಕದಲ್ಲಿ ರೂಪಿಸಿದ್ದು. ಒಟ್ಟು ಗೇನ್ ಯಾವಾಗಲೂ ಒಂದೇ ಮೈಕಿನಷ್ಟು. ಅದನ್ನು ಎಲ್ಲ ಮೈಕುಗಳೂ ತಮ್ಮ ತಮ್ಮ ಮಟ್ಟಕ್ಕೆ ತಕ್ಕಂತೆ ಹಂಚಿಕೊಳ್ಳುತ್ತವೆ. ಮಾತಾಡುವವರ ಮೈಕಿಗೆ ಹೆಚ್ಚಿನ ಪಾಲು, ಸುಮ್ಮನಿರುವವರಿಗೆ ಕಡಿಮೆ. ರೀಪರ್‌ನಲ್ಲಿ ನಮ್ಮದೇ ಎಫೆಕ್ಟ್ ಬರೆಯಬಹುದು, ಬರೆಯಲು ಬೇರೆ ತಂತ್ರಾಂಶ ಬೇಕಿಲ್ಲ. ಎಫೆಕ್ಟ್ ಕಿಟಕಿಯ ಮೆನುವಿನಲ್ಲಿ `Create new JSFX` ಆರಿಸಿ ಇಷ್ಟು ಬರೆದರೆ ಸಾಕು:

```
desc:gain share 4
@init
n = 4;
k = exp(-1/(0.05*srate));
@sample
sum = 0.000000001;
i = 0;
loop(n,
  x = spl(i);
  p[i] = x*x + k*(p[i] - x*x);
  sum += p[i];
  i += 1;
);
i = 0; m = 0;
loop(n,
  m += spl(i)*sqrt(p[i]/sum);
  i += 1;
);
spl0 = m;
spl1 = m;
```

ಇದರ ಸೊಗಸು ಲೆಕ್ಕದಲ್ಲಿದೆ. ಸೋರಿಕೆ ಮೂಲಕ್ಕಿಂತ 10 ಡಿಬಿ ಕೆಳಗಿದ್ದರೆ, ಆ ಮೈಕಿನ ಪಾಲೂ 10 ಡಿಬಿ ಕಡಿಮೆಯಾಗುತ್ತದೆ, ಎರಡೂ ಸೇರಿ 20. ಅಂದರೆ ಮೈಕುಗಳ ನಡುವೆ ಇರುವ ಅಂತರವನ್ನು ಇದು ದುಪ್ಪಟ್ಟು ಮಾಡುತ್ತದೆ. ನಾನು ಎರಡು ಸಂಜೆ ಕೂತು ಕೈಯಲ್ಲಿ ಮಾಡುತ್ತಿದ್ದುದಕ್ಕೆ ಹತ್ತಿರ ಹತ್ತಿರ ಅಷ್ಟೇ. ಎಲ್ಲರೂ ಸುಮ್ಮನಾದಾಗ ನಾಲ್ಕೂ ಮೈಕು ತಲಾ 6 ಡಿಬಿ ಇಳಿದು, ಫ್ಯಾನಿನ ಸದ್ದು ಒಂದು ಮೈಕು ತೆರೆದಿದ್ದರೆ ಎಷ್ಟಿರುತ್ತಿತ್ತೋ ಅಷ್ಟರಲ್ಲೇ ನಿಲ್ಲುತ್ತದೆ. ಬಾಗಿಲು ತೆಗೆದು ಹಾಕಿದ ಹಾಗೆ ಆಗುವುದಿಲ್ಲ.

ಜೋಡಿಸುವಾಗ ಹೊಸಬರು ಎಡವುವ ಜಾಗ ರೂಟಿಂಗ್. ಒಂದು ಹೊಸ ಟ್ರ್ಯಾಕ್ ಮಾಡಿ ಅದಕ್ಕೆ 4 ಚಾನೆಲ್ ಕೊಡಬೇಕು. ಪ್ರತಿ ಮೈಕಿನ ಟ್ರ್ಯಾಕಿನಿಂದ ಅಲ್ಲಿಗೆ ಮೊನೊ ಸೆಂಡ್ ಹಾಕಬೇಕು, ಮೊದಲನೆಯದು 1ನೇ ಚಾನೆಲ್ಲಿಗೆ, ಎರಡನೆಯದು 2ಕ್ಕೆ, ಹೀಗೆ. ಮೈಕಿನ ಟ್ರ್ಯಾಕುಗಳು ಮಾಸ್ಟರಿಗೆ ನೇರವಾಗಿ ಹೋಗುವುದನ್ನು ತಪ್ಪಿಸಬೇಕು. ಇದನ್ನು ಮರೆತರೆ ಹಂಚಿದ್ದೂ ಹಂಚದಿದ್ದೂ ಎರಡೂ ಒಟ್ಟಿಗೆ ಕೇಳಿ, ಏನೂ ಬದಲಾಗಲಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುತ್ತೀರಿ. ಆ ರೂಟಿಂಗ್ ಕಿಟಕಿಯ ರೂಪಕ್ಕೆ ನಾನು ಅಂಕ ಕೊಡುವುದಿಲ್ಲ. ನಾಲ್ಕು ವರ್ಷವಾದರೂ ಅದನ್ನು ತೆರೆದಾಗ ಒಂದು ಕ್ಷಣ ಕಣ್ಣು ಹುಡುಕಾಡುತ್ತದೆ. ಒಮ್ಮೆ ಜೋಡಿಸಿ ಪ್ರಾಜೆಕ್ಟ್ ಟೆಂಪ್ಲೇಟ್ ಆಗಿ ಉಳಿಸಿಕೊಂಡಿದ್ದೇನೆ, ಈಗ ಪ್ರತಿ ತಿಂಗಳು ಫೈಲುಗಳನ್ನು ಎಳೆದು ಹಾಕುವುದಷ್ಟೇ.

ಹಂಚಿಕೆಗೆ ಮುನ್ನ ಎರಡು ಕೆಲಸ ಆಗಲೇಬೇಕು. ಮೊದಲನೆಯದು, ಮೆಲ್ಲಗೆ ಮಾತಾಡುವವರ ಟ್ರ್ಯಾಕನ್ನು ಏರಿಸಿ ನಾಲ್ವರನ್ನೂ ಒಂದು ಮಟ್ಟಕ್ಕೆ ತರುವುದು; ಇಲ್ಲದಿದ್ದರೆ ದೊಡ್ಡ ಗಂಟಲಿನವರು ಪಾಲನ್ನೆಲ್ಲ ಕಿತ್ತುಕೊಳ್ಳುತ್ತಾರೆ. ಎರಡನೆಯದು, ಮೇಜು ಕುಟ್ಟಿದ ಸದ್ದು ನಾಲ್ಕೂ ಮೈಕಿಗೆ ಸಮನಾಗಿ ಹೋಗಿ ಲೆಕ್ಕ ತಪ್ಪಿಸದಂತೆ ReaEQ ಹಾಕಿ 90 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆಯುವುದು. ಈ ಫಿಲ್ಟರನ್ನು ನಾಲ್ಕಕ್ಕೂ ಒಂದೇ ಅಳತೆಯಲ್ಲಿ ಹಾಕಿ. ಫಿಲ್ಟರ್ ತಾನೂ ಸ್ವಲ್ಪ ಫೇಸ್ ತಿರುಗಿಸುತ್ತದೆ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ಟರೆ ಕೆಳದನಿಯಲ್ಲಿ ಹೊಸ ಜಗಳ ಶುರು.

ಇಷ್ಟಾದರೂ ಎರಡನೇ ವರ್ಷ ಒಂದು ಸಂವಾದ ಮಾತ್ರ ಬಡಕಲಾಗಿ ಕೇಳುತ್ತಿತ್ತು. ಇಬ್ಬರು ಒಟ್ಟಿಗೆ ಮಾತಾಡಿದಾಗಲೆಲ್ಲ ದನಿಯ ಬುಡವೇ ಮಾಯ. ಸುಮಾರು ಹೊತ್ತು ತಡಕಾಡಿ, ಆಮೇಲೆ ಶುರುವಿನಲ್ಲಿ ಸಭಿಕರು ತಟ್ಟಿದ ಚಪ್ಪಾಳೆಯಲ್ಲಿ ಮೊದಲ ಏಟನ್ನು ಹಿಗ್ಗಿಸಿ ನೋಡಿದೆ. ಮೂರು ಟ್ರ್ಯಾಕಿನಲ್ಲಿ ಅಲೆ ಮೊದಲು ಮೇಲಕ್ಕೆ ಎದ್ದಿತ್ತು, ನಾಲ್ಕನೆಯದರಲ್ಲಿ ಕೆಳಕ್ಕೆ. ಅದಕ್ಕೆ ಬಳಸಿದ್ದು ನಾನೇ ಬೆಸುಗೆ ಹಾಕಿದ ಕೇಬಲ್. 2 ಮತ್ತು 3ನೇ ಪಿನ್ ಅದಲು ಬದಲಾಗಿತ್ತು. ಹೊತ್ತಿನ ವ್ಯತ್ಯಾಸಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಅಲೆಯನ್ನೇ ಬೋರಲು ಹಾಕುತ್ತದೆ, ಆಗ ಗುಂಡಿಗಳು ಜಾಗ ಬದಲಿಸಿ ಮೊದಲನೆಯದು ತೀರ ಕೆಳಗಿನ ಸ್ವರಗಳಲ್ಲೇ ಬೀಳುತ್ತದೆ. ಟ್ರ್ಯಾಕಿನ ಮೇಲಿರುವ Ø ಬಟನ್ ಒತ್ತಿದೆ, ಸರಿಹೋಯಿತು. ಫೇಸ್ ತೊಂದರೆಗಳಲ್ಲಿ ಒಂದೇ ಒತ್ತಿಗೆ ಪೂರ್ತಿ ವಾಸಿಯಾಗುವುದು ಇದೊಂದೇ. ಈಗ ಮೈಕು ಇಟ್ಟ ಕೂಡಲೇ ಮೇಜಿನ ಮುಂದೆ, ನಡುಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿಯೇ ಶುರು ಮಾಡುತ್ತೇನೆ.

ಆಗದ ಕೆಲಸವನ್ನೂ ಹೇಳಬೇಕು. ಇಬ್ಬರು ಒಟ್ಟಿಗೆ ವಾದಕ್ಕೆ ಬಿದ್ದರೆ ಹಂಚಿಕೆ ಇಬ್ಬರಿಗೂ ತಲಾ 3 ಡಿಬಿ ಇಳಿಸಿ ಇಬ್ಬರ ಸೋರಿಕೆಯನ್ನೂ ಹಾಗೇ ಬಿಡುತ್ತದೆ. ಹಾಲಿನ ಸ್ಪೀಕರುಗಳಿಂದ ಮರಳಿ ಬರುವ ದನಿ ನಾಲ್ಕೂ ಮೈಕಿಗೆ ಹೆಚ್ಚು ಕಡಿಮೆ ಸಮನಾಗಿ ಬರುವುದರಿಂದ ಅಲ್ಲಿ ದುಪ್ಪಟ್ಟು ಮಾಡಲು ಅಂತರವೇ ಇರುವುದಿಲ್ಲ. ಸ್ಪೀಕರನ್ನು ಮೇಜಿಗಿಂತ ಮುಂದಕ್ಕೆ ಸರಿಸುವುದೊಂದೇ ದಾರಿ. ಮಾತುಗಾರರು ಹಿಂದಕ್ಕೆ ಒರಗಿ ಮೈಕಿನಿಂದ 60 ಸೆಂ.ಮೀ. ದೂರ ಹೋದರೂ ಅಷ್ಟೆ. ತಮ್ಮ ಮೈಕಿಗಿರುವ ದೂರದ ಮೂರು ಪಟ್ಟಾದರೂ ಪಕ್ಕದ ಮೈಕು ಆಚೆ ಇರಬೇಕು ಎಂಬ ಹಳೇ ಲೆಕ್ಕ 25 ಸೆಂ.ಮೀ.ಗೆ ನಮ್ಮ ಮೇಜಿನಲ್ಲಿ ಹೊಂದುತ್ತದೆ, 60ಕ್ಕೆ ಹೊಂದಲು ಮೇಜು ಎರಡು ಪಟ್ಟು ಉದ್ದ ಬೇಕು.

ಅದಕ್ಕೇ ಈಗ ಮೈಕಿನ ಸ್ಟ್ಯಾಂಡುಗಳನ್ನು ಮೇಜಿನ ಅಂಚಿಗೇ ತಂದಿಡುತ್ತೇನೆ. ಕಾಗದ ಹರಡಲು ಜಾಗವಿಲ್ಲ ಎಂದು ಮೇಷ್ಟ್ರು ಪ್ರತಿ ಸಲ ಗೊಣಗುತ್ತಾರೆ, ಹಂಡೆಯ ಸುದ್ದಿ ಮಾತ್ರ ಎತ್ತಿಲ್ಲ.